ಪತ್ರಿಕೆಯ ಬಾರ್ ಚಾರ್ಟ್‌ನ ಫೋಟೊದಿಂದ ಅಂಕಿ ಓದುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಹತ್ತಿರ ಒಂದು ಹಳೆಯ ಪತ್ರಿಕೆಯ ತುಣುಕು ಇದೆ. ಕರ್ನಾಟಕದ ಜನಸಂಖ್ಯೆ 1981, 1991, 2001 ಮತ್ತು 2011ರ ಜನಗಣತಿಗಳಲ್ಲಿ ಎಷ್ಟಿತ್ತು ಅಂತ ನಾಲ್ಕು ನೀಲಿ ಕಂಬಗಳಲ್ಲಿ ತೋರಿಸಿದ್ದಾರೆ. ಎಡಗಡೆ 0, 2, 4, 6 ಕೋಟಿ ಅಂತ ಬರೆದು ಅಡ್ಡಗೆರೆ ಎಳೆದಿದ್ದಾರೆ. ಕಂಬಗಳ ತಲೆಯ ಮೇಲೆ ಮಾತ್ರ ಅಂಕಿ ಹಾಕಿಲ್ಲ. ಈ ಪುಟದ ಉದಾಹರಣೆಗಳೆಲ್ಲ ಆ ಒಂದೇ ಚಾರ್ಟ್‌ನವು. ಅದನ್ನೇ ಆರಿಸಿಕೊಳ್ಳಲು ಕಾರಣ ಇದೆ. ಜನಗಣತಿಯ ನಿಜವಾದ ಅಂಕಿಗಳು ನಮಗೆ ಗೊತ್ತು. ಹಾಗಾಗಿ ಫೋಟೊದಿಂದ ಓದಿದ್ದು ಎಷ್ಟು ಸರಿ, ಎಷ್ಟು ತಪ್ಪು ಅಂತ ಕೊನೆಗೆ ಪಕ್ಕದಲ್ಲಿಟ್ಟು ನೋಡಬಹುದು.

ಸ್ಕೇಲ್ ಇಟ್ಟು ಪತ್ರಿಕೆಯ ಮೇಲೇ ಅಳೆದರೆ ಸಾಲದೇ?

ಸಾಲಬಹುದು, ಆದರೆ ಒರಟಾಗಿ ಮಾತ್ರ. ನನ್ನ ತುಣುಕಿನಲ್ಲಿ ಒಂದು ಕೋಟಿಗೆ ಸರಿಯಾಗಿ ಒಂದು ಸೆಂಟಿಮೀಟರ್ ಎತ್ತರ ಇದೆ. ಸ್ಕೇಲ್‌ನಲ್ಲಿ ಕಣ್ಣಿಗೆ ಅರ್ಧ ಮಿಲಿಮೀಟರ್‌ಗಿಂತ ಚಿಕ್ಕದನ್ನು ನಂಬಿಕೆಯಿಂದ ಓದುವುದು ಕಷ್ಟ. ಇಲ್ಲಿ ಅರ್ಧ ಮಿಲಿಮೀಟರ್ ಅಂದರೆ ಐದು ಲಕ್ಷ ಜನ. ಅದೇ ಚಾರ್ಟ್‌ನ ಫೋಟೊದಲ್ಲಿ ಒಂದು ಸೆಂಟಿಮೀಟರ್‌ಗೆ 250 ಪಿಕ್ಸೆಲ್ ಸಿಕ್ಕಿತು. ಹಿಗ್ಗಿಸಿ ನೋಡಿದರೆ ಕಂಬದ ತುದಿಯನ್ನು ನಾಲ್ಕು ಪಿಕ್ಸೆಲ್ ಒಳಗೆ ಗುರುತಿಸಬಹುದು. ಅದು ಒಂದೂವರೆ ಲಕ್ಷದಷ್ಟು. ಮೂರು ಪಟ್ಟು ಮೇಲು.

ಪಿಕ್ಸೆಲ್ ಎಣಿಸುವುದು ಹೇಗೆ?

ಕಂಪ್ಯೂಟರ್‌ನಲ್ಲಿ ಫೋಟೊವನ್ನು Paint ಅಥವಾ GIMPನಲ್ಲಿ ತೆರೆಯಿರಿ. ಮೌಸ್ ಎಲ್ಲಿದೆಯೋ ಆ ಜಾಗದ ಎರಡು ಸಂಖ್ಯೆಗಳು ಕಿಟಕಿಯ ಕೆಳಗೆ ಕಾಣುತ್ತವೆ. ಮೊದಲನೆಯದು ಅಡ್ಡಕ್ಕೆ, ಎರಡನೆಯದು ಉದ್ದಕ್ಕೆ. ನಮಗೆ ಬೇಕಾದದ್ದು ಎರಡನೆಯದು. ಒಂದು ವಿಷಯ ನೆನಪಿರಲಿ. ಈ ಸಂಖ್ಯೆ ಚಿತ್ರದ ಮೇಲಿನ ಅಂಚಿನಿಂದ ಶುರುವಾಗಿ ಕೆಳಗೆ ಹೋದ ಹಾಗೆ ಹೆಚ್ಚುತ್ತದೆ. ಹಾಗಾಗಿ ಎತ್ತರದ ಕಂಬದ ತುದಿಗೆ ಚಿಕ್ಕ ಸಂಖ್ಯೆ ಬರುತ್ತದೆ. ಬುಡದ ಸಂಖ್ಯೆಯಿಂದ ತುದಿಯ ಸಂಖ್ಯೆಯನ್ನು ಕಳೆದರೆ ಕಂಬದ ಎತ್ತರ.

ಗೆರೆ ದಪ್ಪವಾಗಿದ್ದರೆ ಅದರ ನಡುವನ್ನು ಹಿಡಿಯಿರಿ. ಒಂದು ಗೆರೆಗೆ ಮೇಲಂಚು, ಇನ್ನೊಂದಕ್ಕೆ ಕೆಳಂಚು ಹಿಡಿದರೆ ಲೆಕ್ಕ ಕೆಡುತ್ತದೆ.

ಒಂದು ಲೆಕ್ಕವನ್ನು ಪೂರ್ತಿ ಮಾಡಿ ತೋರಿಸುತ್ತೀರಾ?

ನೇರವಾಗಿ ತೆಗೆದ ಫೋಟೊದಲ್ಲಿ ಸೊನ್ನೆಯ ಗೆರೆ 1840ರಲ್ಲಿತ್ತು. 6 ಕೋಟಿಯ ಗೆರೆ 340ರಲ್ಲಿತ್ತು. ನಡುವೆ 1500 ಪಿಕ್ಸೆಲ್. ಅಂದರೆ ಒಂದು ಕೋಟಿಗೆ 250 ಪಿಕ್ಸೆಲ್. ಕಂಬಗಳ ತುದಿಗಳು ಕ್ರಮವಾಗಿ 908, 719, 516, 316ರಲ್ಲಿ ಸಿಕ್ಕವು.

```
1981: (1840 - 908) / 250 =  932 / 250 = 3.73
1991: (1840 - 719) / 250 = 1121 / 250 = 4.48
2001: (1840 - 516) / 250 = 1324 / 250 = 5.30
2011: (1840 - 316) / 250 = 1524 / 250 = 6.10
```

ಇವೆಲ್ಲ ಕೋಟಿಗಳಲ್ಲಿ. ಇನ್ನು ಶೇಕಡಾ ಬದಲಾವಣೆ. ಹೊಸದರಿಂದ ಹಳೆಯದನ್ನು ಕಳೆದು, ಹಳೆಯದರಿಂದ ಭಾಗಿಸಿ, ನೂರರಿಂದ ಗುಣಿಸಬೇಕು. ಇಲ್ಲಿ ಕೋಟಿಯ ಅಂಕಿಗಳನ್ನು ಹಾಕಬೇಡಿ, ಪಿಕ್ಸೆಲ್‌ಗಳನ್ನೇ ಹಾಕಿ. ಚಾರ್ಟ್ ಸೊನ್ನೆಯಿಂದ ಶುರುವಾಗಿದ್ದರೆ 250 ಅನ್ನುವುದು ಮೇಲೂ ಕೆಳಗೂ ಇದ್ದು ಹೊಡೆದುಹೋಗುತ್ತದೆ. ದಶಾಂಶವನ್ನು ಮೊಟಕು ಮಾಡಿದ ತಪ್ಪು ಆಗ ಲೆಕ್ಕದೊಳಗೆ ಬರುವುದಿಲ್ಲ.

```
1981-1991: (1121 - 932)  / 932  × 100 = 20.3
1991-2001: (1324 - 1121) / 1121 × 100 = 18.1
2001-2011: (1524 - 1324) / 1324 × 100 = 15.1
```

ಇದು ನಿಜಕ್ಕೆ ಎಷ್ಟು ಹತ್ತಿರ?

ಜನಗಣತಿಯ ಪ್ರಕಾರ ಕರ್ನಾಟಕದ ಜನಸಂಖ್ಯೆ 1981ರಲ್ಲಿ 3,71,35,714. 1991ರಲ್ಲಿ 4,49,77,201. 2001ರಲ್ಲಿ 5,28,50,562. 2011ರಲ್ಲಿ 6,10,95,297. ನಾವು ಓದಿದ ಪ್ರತಿ ಅಂಕಿಯೂ ಎರಡು ಲಕ್ಷದ ಒಳಗೇ ತಪ್ಪಿದೆ. ಬರಿಗಣ್ಣಿಗೆ ಇದು ತುಂಬ ಚೆನ್ನಾಗಿದೆ ಅನಿಸುತ್ತದೆ.

ಶೇಕಡಾ ಬದಲಾವಣೆಯಲ್ಲಿ ಮಾತ್ರ ತಪ್ಪು ಎದ್ದು ಕಾಣುತ್ತದೆ. ನಿಜವಾದದ್ದು 21.1, 17.5, 15.6. ನಾವು ಓದಿದ್ದು 20.3, 18.1, 15.1. ಮೊದಲ ದಶಕದಲ್ಲಿ ಕಡಿಮೆ ಓದಿದೆವು, ಎರಡನೆಯದರಲ್ಲಿ ಜಾಸ್ತಿ ಓದಿದೆವು. ಇದು ಬೇರೆ ಬೇರೆ ತಪ್ಪುಗಳಿಂದ ಆದದ್ದಲ್ಲ. 1991ರ ಕಂಬವನ್ನು ಮೂರು ಪಿಕ್ಸೆಲ್‌ನಷ್ಟು ಕುಳ್ಳಗೆ ಓದಿದ್ದೇವೆ. ಆ ಕಂಬ ಎರಡು ಲೆಕ್ಕಗಳಲ್ಲಿ ಬರುತ್ತದೆ. ಮೊದಲ ಲೆಕ್ಕದಲ್ಲಿ ಅದು ಹೊಸ ವರ್ಷ, ಹಾಗಾಗಿ ಏರಿಕೆ ತಗ್ಗಿತು. ಎರಡನೆಯದರಲ್ಲಿ ಅದೇ ಹಳೆಯ ವರ್ಷ, ಹಾಗಾಗಿ ಏರಿಕೆ ಉಬ್ಬಿತು. 1981 ಮತ್ತು 2001ರ ಕಂಬಗಳನ್ನು ತುಸು ಎತ್ತರಕ್ಕೆ ಓದಿದ್ದು ಅದರ ಜೊತೆ ಸೇರಿಕೊಂಡಿತು. ನಿಮ್ಮ ಲೆಕ್ಕದಲ್ಲಿ ಒಂದು ವರ್ಷ ಏರಿಕೆ ಕಡಿಮೆ, ಮುಂದಿನ ವರ್ಷ ಜಾಸ್ತಿ ಅಂತ ಬಂದರೆ ಮೊದಲು ನಡುವಿನ ಕಂಬವನ್ನು ಮತ್ತೆ ಅಳೆಯಿರಿ.

ನಿಜವಾದ ಅಂಕಿ ಗೊತ್ತಿಲ್ಲದಾಗ ತಪ್ಪು ಎಷ್ಟಿರಬಹುದು ಅಂತ ಹೇಳುವುದು ಹೇಗೆ?

ಒಂದೇ ಕಂಬವನ್ನು ಮೂರು ಸಲ ಅಳೆಯಿರಿ. ಒಂದಾದ ಮೇಲೊಂದು ಬೇಡ, ನಡುವೆ ಬೇರೆ ಕಂಬ ಅಳೆದು ಮತ್ತೆ ಬನ್ನಿ. ಓದಿದ ಸಂಖ್ಯೆಗಳು ಎಷ್ಟು ಆಚೀಚೆ ಆಗುತ್ತವೆ ನೋಡಿ. ನನಗೆ ಈ ಚಾರ್ಟ್‌ನಲ್ಲಿ ನಾಲ್ಕು ಪಿಕ್ಸೆಲ್ ಆಚೀಚೆ ಬಂತು.

1981ರ 932 ಪಿಕ್ಸೆಲ್‌ಗೆ ನಾಲ್ಕು ಅಂದರೆ ಶೇ 0.43. 1991ರ 1121ಕ್ಕೆ ನಾಲ್ಕು ಅಂದರೆ ಶೇ 0.36. ಎರಡೂ ವಿರುದ್ಧ ದಿಕ್ಕಿಗೆ ತಪ್ಪಿದರೆ ಕೂಡಿಕೊಂಡು ಶೇ 0.79 ಆಗುತ್ತದೆ. ಅದನ್ನು ಎರಡು ಕಂಬಗಳ ಅನುಪಾತವಾದ 1.2ರಿಂದ ಗುಣಿಸಿದರೆ ಸುಮಾರು 1. ಹಾಗಾಗಿ ಮೊದಲ ದಶಕದ ಏರಿಕೆ 20.3, ಒಂದು ಅಂಶ ಆಚೀಚೆ. ಅಂದರೆ 19.3ರಿಂದ 21.3ರ ಒಳಗೆ. ಇದೇ ರೀತಿ ಮಾಡಿದರೆ ಎರಡನೆಯ ದಶಕಕ್ಕೆ 17.3ರಿಂದ 18.9, ಮೂರನೆಯದಕ್ಕೆ 14.4ರಿಂದ 15.8. ನಿಜವಾದ ಮೂರೂ ಅಂಕಿಗಳು ಈ ಗಡಿಗಳ ಒಳಗೇ ಇವೆ.

ಇಲ್ಲಿ ಇನ್ನೊಂದು ಲಾಭ ಇದೆ. ಮೂರು ಗಡಿಗಳೂ ಒಂದರ ಮೇಲೊಂದು ಬೀಳುವುದಿಲ್ಲ. ಹಾಗಾಗಿ ಬೆಳವಣಿಗೆಯ ವೇಗ ದಶಕದಿಂದ ದಶಕಕ್ಕೆ ಇಳಿದಿದೆ ಅಂತ ಈ ಫೋಟೊ ಒಂದರಿಂದಲೇ ಧೈರ್ಯವಾಗಿ ಹೇಳಬಹುದು. ಗಡಿಗಳು ಒಂದರೊಳಗೊಂದು ಸೇರಿಕೊಂಡಿದ್ದರೆ ಆ ಮಾತು ಹೇಳುವ ಹಾಗಿರಲಿಲ್ಲ.

ವಾಟ್ಸಾಪ್‌ನಲ್ಲಿ ಬಂದ ಫೋಟೊ ಆಗುತ್ತದಾ?

ಕಂಬದ ಅಂದಾಜಿಗೆ ಆಗುತ್ತದೆ. ಶೇಕಡಾ ಬದಲಾವಣೆಗೆ ಹುಷಾರಾಗಿರಬೇಕು. ಕಳಿಸುವಾಗ ಫೋಟೊ ಕುಗ್ಗುತ್ತದೆ. ನನ್ನದೇ ಚಿತ್ರವನ್ನು ನಾಲ್ಕನೇ ಒಂದಕ್ಕೆ ಇಳಿಸಿ ನೋಡಿದೆ. 1981ರ ಕಂಬ 233 ಪಿಕ್ಸೆಲ್, 1991ರದು 280 ಪಿಕ್ಸೆಲ್ ಆಯಿತು. ಅಂಚು ಮಬ್ಬಾದ ಕಾರಣ ಎರಡು ಪಿಕ್ಸೆಲ್ ಆಚೀಚೆ ಆಗುತ್ತಿತ್ತು. ಮೇಲಿನ ಲೆಕ್ಕವನ್ನೇ ಹಾಕಿದರೆ ಮೊದಲ ದಶಕದ ಗಡಿ 18.4ರಿಂದ 22.2. ಎರಡನೆಯದರದು 16.5ರಿಂದ 19.7. ಈಗ ಎರಡೂ ಸೇರಿಕೊಂಡವು. ವೇಗ ಇಳಿಯಿತೋ ಇಲ್ಲವೋ ಅಂತ ಈ ಫೋಟೊ ಹೇಳಲಾರದು. ಯಾರಾದರೂ ಕಳಿಸುವುದಾದರೆ ಫೋಟೊ ಆಗಿ ಬೇಡ, ಡಾಕ್ಯುಮೆಂಟ್ ಆಗಿ ಕಳಿಸಿ ಅಂತ ಕೇಳಿ. ಆಗ ಕುಗ್ಗುವುದಿಲ್ಲ.

ಫೋಟೊ ಸ್ವಲ್ಪ ಓರೆಯಾಗಿದೆ. ಅದರಿಂದ ಅಷ್ಟೇನು ತಪ್ಪಾಗುತ್ತದೆ?

ಓರೆಯಲ್ಲಿ ಎರಡು ಬಗೆ. ಎರಡನ್ನೂ ಬೇರೆ ಬೇರೆ ನೋಡಬೇಕು.

ಒಂದು, ಚಿತ್ರ ಬರಿ ತಿರುಗಿರುವುದು. ಒಂದೇ ಒಂದು ಡಿಗ್ರಿ ತಿರುಗಿದ್ದರೂ ಸಾವಿರ ಪಿಕ್ಸೆಲ್ ಅಗಲದಲ್ಲಿ ಸೊನ್ನೆಯ ಗೆರೆ 17 ಪಿಕ್ಸೆಲ್ ಮೇಲಕ್ಕೋ ಕೆಳಕ್ಕೋ ಹೋಗುತ್ತದೆ. ನಮ್ಮ ಚಾರ್ಟ್‌ನಲ್ಲಿ ಅದು ಏಳು ಲಕ್ಷ ಜನ. ಎಲ್ಲ ಕಂಬಗಳಿಗೂ 1840 ಅನ್ನುವ ಒಂದೇ ಬುಡ ಹಿಡಿದರೆ ಎಡತುದಿಯ ಕಂಬವೋ ಬಲತುದಿಯದೋ ತಪ್ಪಾಗುತ್ತದೆ. ಪರಿಹಾರ ಸುಲಭ. ಪ್ರತಿ ಕಂಬಕ್ಕೂ ಅದರದೇ ಬುಡವನ್ನು ಓದಿ.

ಇನ್ನೊಂದು ಬಗೆ ಜಾಸ್ತಿ ಕಾಡುತ್ತದೆ. ಪತ್ರಿಕೆ ಮೇಜಿನ ಮೇಲಿದೆ, ನೀವು ಕುರ್ಚಿಯಲ್ಲಿ ಕೂತು ಫೋನನ್ನು ವಾರೆ ಹಿಡಿದಿದ್ದೀರಿ. ಚಾರ್ಟ್‌ನ ಮೇಲಿನ ಭಾಗ ಫೋನಿನಿಂದ ದೂರ ಆಯಿತು. ದೂರದ್ದು ಚಿಕ್ಕದಾಗಿ ಬರುತ್ತದೆ. ಹಾಗೆ ತೆಗೆದ ಫೋಟೊದಲ್ಲಿ ಗೆರೆಗಳು 1840, 1310, 810, 340ರಲ್ಲಿ ಬಂದವು. ಅಂತರಗಳು 530, 500, 470. ಪತ್ರಿಕೆಯಲ್ಲಿ ಮೂರೂ ಸಮ, ಫೋಟೊದಲ್ಲಿ ಅಲ್ಲ. ನೀವು ಮೊದಲ ಮತ್ತು ಕೊನೆಯ ಗೆರೆ ಮಾತ್ರ ನೋಡಿ ಕೋಟಿಗೆ 250 ಅಂತ ಹಾಕಿದರೆ, 882ರಲ್ಲಿ ಕಾಣುವ 1981ರ ತುದಿಗೆ 3.83 ಬರುತ್ತದೆ. 693ರಲ್ಲಿ ಕಾಣುವ 1991ರ ತುದಿಗೆ 4.59 ಬರುತ್ತದೆ. ಹನ್ನೆರಡು ಲಕ್ಷ, ಒಂಬತ್ತು ಲಕ್ಷ ಜಾಸ್ತಿ! ಎರಡೂ ಜಾಸ್ತಿಯಾದ್ದರಿಂದ ಶೇಕಡಾ ಸರಿಹೋಗುತ್ತದೆ ಅಂದುಕೊಳ್ಳಬೇಡಿ. ಅದು 19.7 ಆಗುತ್ತದೆ, ನಿಜವಾದದ್ದು 21.1.

ಇದಕ್ಕೆ ಮದ್ದು, ಕಂಬದ ತುದಿಗೆ ಹತ್ತಿರದ ಎರಡು ಗೆರೆಗಳ ನಡುವೆ ಮಾತ್ರ ಲೆಕ್ಕ ಹಾಕುವುದು. 1991ರ ತುದಿ 4 ಮತ್ತು 6ರ ಗೆರೆಗಳ ನಡುವೆ ಇದೆ:

```
4 + 2 × (810 - 693) / (810 - 340) = 4.50
```

1981ರದು 2 ಮತ್ತು 4ರ ನಡುವೆ ಇದೆ:

```
2 + 2 × (1310 - 882) / (1310 - 810) = 3.71
```

ಎರಡೂ ಕೈಗೆ ಬಂದವು. ಓರೆ ಫೋಟೊದಲ್ಲಿ ಪಿಕ್ಸೆಲ್‌ನಿಂದ ನೇರವಾಗಿ ಶೇಕಡಾ ತೆಗೆಯುವ ಹಾಗಿಲ್ಲ. ಹೀಗೆ ಬೆಲೆ ಕಂಡುಕೊಂಡ ಮೇಲೆಯೇ ತೆಗೆಯಬೇಕು. 2011ರ ಕಂಬ ಮಾತ್ರ 6ರ ಗೆರೆಯನ್ನೂ ದಾಟಿ ನಿಂತಿದೆ. ಅದರ ಮೇಲೆ ಗೆರೆ ಇಲ್ಲ. ಕೊನೆಯ ಅಂತರವನ್ನೇ ಮೇಲಕ್ಕೆ ಚಾಚಿ ಓದಬೇಕು. ಹಾಗಾಗಿ ನಾಲ್ಕರಲ್ಲಿ ಆ ಕಂಬವನ್ನು ನಾನು ಸ್ವಲ್ಪ ಕಡಿಮೆ ನಂಬುತ್ತೇನೆ.

ಲೆಕ್ಕ ಶುರು ಮಾಡುವ ಮೊದಲು ಗೆರೆಗಳ ಅಂತರ ಅಳೆಯುವುದು ಒಳ್ಳೆಯ ಅಭ್ಯಾಸ. ಸಮ ಇದ್ದರೆ ನೇರ ಲೆಕ್ಕ, ಇಲ್ಲದಿದ್ದರೆ ಹತ್ತಿರದ ಗೆರೆಗಳ ಲೆಕ್ಕ.

ಫೋಟೊ ತೆಗೆಯುವಾಗಲೇ ಸರಿಮಾಡಿಕೊಳ್ಳಬಹುದಲ್ವಾ?

ಖಂಡಿತ. ಹಾಳೆಯನ್ನು ಒಂದು ರಾತ್ರಿ ದಪ್ಪ ಪುಸ್ತಕದ ಕೆಳಗಿಟ್ಟು ಮಡಿಕೆ ತೆಗೆಯಿರಿ. ಹಿಂಬದಿಯ ಅಕ್ಷರ ಕಾಣುತ್ತಿದ್ದರೆ ಕೆಳಗೆ ಕಪ್ಪು ಕಾಗದ ಇಡಿ. ಫೋನನ್ನು ಹತ್ತಿರ ತರಬೇಡಿ. ಸ್ವಲ್ಪ ಮೇಲೆ ಹಿಡಿದು ಜೂಮ್ ಮಾಡಿ, ಚಾರ್ಟ್ ಚಿತ್ರದ ನಡುವೆ ಇರಲಿ. ಅಂಚಿನಲ್ಲಿ ಲೆನ್ಸ್ ನೇರ ಗೆರೆಯನ್ನು ಬಾಗಿಸುತ್ತದೆ.

ಮಡಿಕೆ ಕಂಬದ ಮೇಲೇ ಬಿದ್ದಿದ್ದರೆ ಅಲ್ಲಿ ಕಾಗದ ಎದ್ದು ನಿಂತಿರುತ್ತದೆ. ಆ ಕಂಬದ ಓದು ಅಷ್ಟು ಗಟ್ಟಿಯಲ್ಲ.

ಹಿಗ್ಗಿಸಿದರೆ ಕಂಬದ ಅಂಚಿನಲ್ಲಿ ಗುಲಾಬಿ, ಹಳದಿ ಎಳೆ ಕಾಣುತ್ತದೆ. ಯಾವುದನ್ನು ಅಂಚು ಅಂತ ಹಿಡಿಯಲಿ?

ಪತ್ರಿಕೆಯ ಬಣ್ಣ ನಾಲ್ಕು ಶಾಯಿಗಳಿಂದ ಆಗುತ್ತದೆ. ಆಕಾಶ ನೀಲಿ, ಗುಲಾಬಿಯಂಥ ಮೆಜೆಂಟಾ, ಹಳದಿ, ಕಪ್ಪು. ಪ್ರತಿ ಶಾಯಿಗೂ ಬೇರೆ ಪ್ಲೇಟ್. ಕಾಗದ ವೇಗವಾಗಿ ಓಡುವಾಗ ನಾಲ್ಕೂ ಕೂದಲೆಳೆಯಷ್ಟು ಆಚೀಚೆ ಕೂರುತ್ತವೆ. ಅದೇ ನೀವು ನೋಡುವ ಎಳೆ.

ತೊಂದರೆ ಇರುವುದು ಇಲ್ಲಿ. ಸೊನ್ನೆಯ ಗೆರೆ ಕಪ್ಪು ಶಾಯಿಯದು, ಕಂಬ ನೀಲಿ ಶಾಯಿಯದು. ಎರಡು ಪ್ಲೇಟ್‌ಗಳು ಜಾರಿದ್ದರೆ ಕಪ್ಪು ಗೆರೆಯಿಂದ ನೀಲಿ ತುದಿಯವರೆಗೆ ಅಳೆದಾಗ ಎಲ್ಲ ಕಂಬಗಳಿಗೂ ಅಷ್ಟೇ ಪಿಕ್ಸೆಲ್ ಸೇರುತ್ತದೆ ಅಥವಾ ಕಳೆಯುತ್ತದೆ. ಆದ್ದರಿಂದ ಕಂಬದ ಎತ್ತರವನ್ನು ನೀಲಿಯ ಬುಡದಿಂದ ನೀಲಿಯ ತುದಿಗೆ ಅಳೆಯಿರಿ. ಕೋಟಿಗೆ ಎಷ್ಟು ಪಿಕ್ಸೆಲ್ ಅನ್ನುವುದನ್ನು ಕಪ್ಪು ಗೆರೆಯಿಂದ ಕಪ್ಪು ಗೆರೆಗೆ ಅಳೆಯಿರಿ. ಒಂದೇ ಶಾಯಿಯೊಳಗೆ ಅಳೆದರೆ ಜಾರಿದ್ದು ಲೆಕ್ಕಕ್ಕೆ ಬರುವುದಿಲ್ಲ. ಈ ಸಣ್ಣ ಉಪಾಯ ನನಗೆ ತುಂಬ ತಡವಾಗಿ ಹೊಳೆಯಿತು. ಅಲ್ಲಿಯವರೆಗೆ ಚಿಕ್ಕ ಕಂಬಗಳೆಲ್ಲ ಯಾಕೆ ತಪ್ಪುತ್ತವೆ ಅಂತ ಗೊತ್ತಾಗುತ್ತಿರಲಿಲ್ಲ. ಮೂರು ಪಿಕ್ಸೆಲ್ ಅನ್ನುವುದು ಎತ್ತರದ ಕಂಬಕ್ಕೆ ಏನೂ ಅಲ್ಲ, ಕುಳ್ಳ ಕಂಬಕ್ಕೆ ದೊಡ್ಡದು.

ಚಾರ್ಟ್ ಸೊನ್ನೆಯಿಂದ ಶುರುವಾಗದಿದ್ದರೆ?

ಆಗ ಕಂಬಗಳ ಎತ್ತರವನ್ನು ಒಂದಕ್ಕೊಂದು ಹೋಲಿಸಲೇಬಾರದು. ಇದೇ ಜನಸಂಖ್ಯೆಯನ್ನು 3 ಕೋಟಿಯಿಂದ ಶುರುಮಾಡಿ ಬರೆದರೆ 1981ರ ಕಂಬ 0.71ರಷ್ಟು ಕಾಣುತ್ತದೆ, 2011ರದು 3.11ರಷ್ಟು. ನೋಡಿದವರಿಗೆ ನಾಲ್ಕು ಪಟ್ಟಿಗೂ ಜಾಸ್ತಿ ಅನಿಸುತ್ತದೆ. ನಿಜಕ್ಕೆ ಅದು 1.65 ಪಟ್ಟು. ಇಂಥ ಚಾರ್ಟ್‌ನಲ್ಲಿ ಮೊದಲು ಎತ್ತರವನ್ನು ಕೋಟಿಗೆ ಬದಲಿಸಿ, ಬುಡದ 3 ಕೋಟಿಯನ್ನು ಕೂಡಿಸಿ, ಆಮೇಲೆ ಶೇಕಡಾ ತೆಗೆಯಿರಿ.

ಬುಡದಲ್ಲಿ ಸೊನ್ನೆ ಇದೆಯೋ ಇಲ್ಲವೋ ಅಂತ ನೋಡಲು ಫೋಟೊದಲ್ಲಿ ಆ ಭಾಗ ಇರಬೇಕು. ಎಷ್ಟೋ ಜನ ಕಂಬಗಳನ್ನು ಮಾತ್ರ ಕತ್ತರಿಸಿ ಕಳಿಸುತ್ತಾರೆ. ಎಡಬದಿ ಇಲ್ಲದ ಫೋಟೊದಿಂದ ನಾನು ಅಂಕಿ ಹೇಳುವುದಿಲ್ಲ. ಕಂಬದ ನಡುವೆ ಅಂಕುಡೊಂಕಾದ ಸೀಳು ಗುರುತಿದ್ದರೂ ಅಷ್ಟೇ, ಅಲ್ಲಿ ಒಂದಿಷ್ಟು ಎತ್ತರವನ್ನು ತೆಗೆದಿದ್ದಾರೆ ಅಂತ ಅರ್ಥ.

ಎಡಗಡೆ ಅಳತೆಯೇ ಇಲ್ಲ, ಒಂದು ಕಂಬದ ಮೇಲೆ ಮಾತ್ರ ಅಂಕಿ ಇದೆ. ಉಳಿದವನ್ನು ಓದಬಹುದಾ?

ಬುಡ ಸೊನ್ನೆ ಅಂತ ಖಚಿತವಿದ್ದರೆ ಓದಬಹುದು. 2011ರ ಮೇಲೆ 6.11 ಅಂತ ಇದ್ದು ಅದು 1524 ಪಿಕ್ಸೆಲ್ ಇದ್ದರೆ, 1121 ಪಿಕ್ಸೆಲ್‌ನ ಕಂಬ 6.11 × 1121 / 1524 = 4.49 ಕೋಟಿ. ಎರಡು ಕಂಬಗಳ ಮೇಲೆ ಅಂಕಿ ಇದ್ದರೆ ಇನ್ನೂ ಒಳ್ಳೆಯದು. ಎರಡರಿಂದಲೂ ಕೋಟಿಗೆ ಎಷ್ಟು ಪಿಕ್ಸೆಲ್ ಅಂತ ತೆಗೆಯಿರಿ. ಉತ್ತರ ಒಂದೇ ಬಂದರೆ ಬುಡ ಸೊನ್ನೆಯೇ. ತುಂಬ ಬೇರೆ ಬಂದರೆ ಬುಡ ಸೊನ್ನೆಯಲ್ಲ, ಇಲ್ಲವೇ ಅಂಕಿ ತಪ್ಪಾಗಿ ಅಚ್ಚಾಗಿದೆ.

WebPlotDigitizer ಬಳಸಿದರೆ ಇಷ್ಟೆಲ್ಲ ಲೆಕ್ಕ ಬೇಕಾ?

ಬ್ರೌಸರ್‌ನಲ್ಲೇ ನಡೆಯುವ ಒಳ್ಳೆಯ ಸಾಧನ ಅದು. ಚಿತ್ರ ಹಾಕಿ, ಬಾರ್ ಚಾರ್ಟ್ ಅಂತ ಆರಿಸಿ, ಅಳತೆಗೆರೆಯ ಮೇಲೆ ಎರಡು ಜಾಗ ಒತ್ತಿ ಅವುಗಳ ಬೆಲೆ ಕೊಟ್ಟರೆ ಉಳಿದ ಭಾಗಾಕಾರ ಅದೇ ಮಾಡುತ್ತದೆ. ಆದರೆ ಆ ಎರಡು ಜಾಗಗಳ ನಡುವೆ ಅಳತೆ ಸಮನಾಗಿದೆ ಅಂತ ಅದು ನಂಬುತ್ತದೆ. ಓರೆ ಫೋಟೊ ಕೊಟ್ಟರೆ ಮೇಲೆ ಹೇಳಿದ 3.83 ಅನ್ನೇ ಕೊಡುತ್ತದೆ. ಮೊದಲು GIMPನ Perspective ಸಾಧನದಿಂದ ಚಾರ್ಟ್‌ನ ಚೌಕಟ್ಟನ್ನು ನೇರ ಮಾಡಿಕೊಂಡು, ಗೆರೆಗಳ ಅಂತರ ಸಮವಾಯಿತಾ ಅಂತ ನೋಡಿ, ಆಮೇಲೆ ಅದಕ್ಕೆ ಕೊಡಿ.

ಮೂರು ದಶಕದ ಏರಿಕೆ ಅಂದರೆ 20.3 + 18.1 + 15.1 ಕೂಡಿದರೆ ಆಯಿತಾ?

ಇಲ್ಲ. ಕೂಡಿದರೆ 53.5 ಬರುತ್ತದೆ. ಕಂಬಗಳನ್ನೇ ಕೇಳಿದರೆ 1524 / 932, ಅಂದರೆ 63.5 ಏರಿಕೆ. ನಿಜವಾದದ್ದು 64.5. ಎರಡನೆಯ ದಶಕದ ಶೇಕಡಾ ಲೆಕ್ಕ ಆಗಲೇ ಬೆಳೆದ ಜನಸಂಖ್ಯೆಯ ಮೇಲೆ ನಡೆದದ್ದು, ಅದಕ್ಕೇ ಈ ವ್ಯತ್ಯಾಸ. ವರ್ಷಕ್ಕೆ ಎಷ್ಟು ಅನ್ನುವಾಗಲೂ ಹೀಗೇ. ಹತ್ತು ವರ್ಷಕ್ಕೆ 15.1 ಅಂದರೆ ವರ್ಷಕ್ಕೆ 1.51 ಅಲ್ಲ, ಸುಮಾರು 1.42.

ಮಾತಿನಲ್ಲೂ ಒಂದು ಎಚ್ಚರ. ಏರಿಕೆ 17.5ರಿಂದ 15.6ಕ್ಕೆ ಬಂದದ್ದನ್ನು "ಶೇ 1.9ರಷ್ಟು ಇಳಿಕೆ" ಅಂತ ಬರೆದರೆ ತಪ್ಪು. ಅದು 1.9 ಅಂಶಗಳ ಇಳಿಕೆ. ಶೇಕಡಾದಲ್ಲಿ ಹೇಳಿದರೆ ಹತ್ತಿರ ಹತ್ತಿರ ಹನ್ನೊಂದು.

2011ರ ಪಕ್ಕದಲ್ಲಿ ಇನ್ನೊಂದು ಕಂಬ ಇದ್ದರೆ ಅದನ್ನೂ ಹೀಗೇ ಓದಲಾ?

ಎತ್ತರವನ್ನು ಹೀಗೇ ಓದಿ, ಆದರೆ ಬೇರೆ ಸಾಲಿನಲ್ಲಿ ಬರೆದಿಡಿ. 2021ರಲ್ಲಿ ನಡೆಯಬೇಕಿದ್ದ ಜನಗಣತಿ ಆ ವರ್ಷ ನಡೆಯಲಿಲ್ಲ. ಹಾಗಾಗಿ 2021 ಅಂತಲೋ 2024 ಅಂತಲೋ ಬರೆದ ಕಂಬ ಎಣಿಸಿದ ಅಂಕಿಯಲ್ಲ, ಅಂದಾಜು. ಕೆಲವರು ಅದನ್ನು ತಿಳಿಬಣ್ಣದಲ್ಲೋ ಗೀಟು ಹಾಕಿಯೋ ತೋರಿಸುತ್ತಾರೆ, ಕೆಲವರು ತೋರಿಸುವುದಿಲ್ಲ. ವರ್ಷದ ಅಂತರವನ್ನೂ ನೋಡಿ. 2011ರಿಂದ 2024ಕ್ಕೆ ಹದಿಮೂರು ವರ್ಷ. ಚಾರ್ಟ್‌ನಲ್ಲಿ ಕಂಬಗಳು ಸಮ ದೂರದಲ್ಲಿ ನಿಂತಿದ್ದರೂ ಆ ಏರಿಕೆಯನ್ನು ಹತ್ತು ವರ್ಷದ ಏರಿಕೆಯ ಪಕ್ಕ ಹಾಗೇ ಇಡುವಂತಿಲ್ಲ. ಎರಡನ್ನೂ ವರ್ಷದ ಲೆಕ್ಕಕ್ಕೆ ತಂದ ಮೇಲೆ ಪಕ್ಕದಲ್ಲಿಡಿ.